ವಿಆರ್‌ಎಸ್‌ಗೆ ಒಪ್ಪಿಗೆ ಕೊಡುವಾಗ ಲೆಕ್ಕವನ್ನು ಬರಹದಲ್ಲಿ ಕೇಳುವುದು ಹೇಗೆ?

ನಾಲ್ಕು ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಗೆ ಬಂದವು. ಅದರೊಂದಿಗೆ 'ವೇತನ' ಎಂಬ ಪದದ ಅರ್ಥವೂ ಬದಲಾಯಿತು, ಗ್ರಾಚ್ಯುಟಿ ಹೆಚ್ಚಾಗುತ್ತದೆ ಎಂಬ ಸುದ್ದಿಯೂ ಹರಡಿತು. ಸ್ವಯಂ ನಿವೃತ್ತಿ ಯೋಜನೆಯ, ಅಂದರೆ ವಿಆರ್‌ಎಸ್‌ನ ಸುತ್ತೋಲೆ ಕೈಗೆ ಬಂದಿರುವ ನೌಕರರಿಗೆ ಈಗ ದೊಡ್ಡ ಗೊಂದಲ. ಸುತ್ತೋಲೆಯಲ್ಲಿ ಸಾಮಾನ್ಯವಾಗಿ ಇರುವುದು ಒಂದು ಸೂತ್ರ, ಒಂದು ಕೊನೆಯ ದಿನಾಂಕ, ಮತ್ತು 'ನಿಯಮಾನುಸಾರ ಸಲ್ಲಬೇಕಾದ ಇತರ ಎಲ್ಲ ಸೌಲಭ್ಯಗಳು' ಎಂಬ ಒಂದು ಸಾಲು. ಆ ಸಾಲಿನೊಳಗೆ ಎಷ್ಟು ಹಣ ಅಡಗಿದೆ ಎಂಬುದನ್ನು ಸುತ್ತೋಲೆ ಹೇಳುವುದಿಲ್ಲ.

ಲೆಕ್ಕ ಕೇಳಿದರೆ 'ಮೊದಲು ಅರ್ಜಿ ಕೊಡಿ, ಲೆಕ್ಕ ಆಮೇಲೆ' ಎಂಬ ಉತ್ತರ ಬರುತ್ತದೆ. ಲೆಕ್ಕ ಬರುವವರೆಗೆ ಅರ್ಜಿ ಕೊಡುವುದಿಲ್ಲ ಎಂದು ಕುಳಿತರೆ ಕೊನೆಯ ದಿನ ಮುಗಿದುಹೋಗುತ್ತದೆ. ಒಪ್ಪಿಗೆಯನ್ನೂ ಕೊಟ್ಟು ಲೆಕ್ಕವನ್ನೂ ಬರಹದಲ್ಲಿ ಪಡೆಯಲು ದಾರಿ ಇದೆ. ಆದರೆ ಪತ್ರವನ್ನು ಯಾವಾಗ ಕೊಡುತ್ತೀರಿ, ಅದರಲ್ಲಿ ಯಾವ ಪದ ಬಳಸುತ್ತೀರಿ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಎರಡು ಬಗೆಯ ಹಣ

ಸ್ವಯಂ ನಿವೃತ್ತಿಯಾದವರ ಕೈಗೆ ಬರುವ ಹಣದಲ್ಲಿ ಒಂದು ಭಾಗ ಕಾನೂನು ಕೊಡುವುದು, ಇನ್ನೊಂದು ಭಾಗ ಯೋಜನೆ ಕೊಡುವುದು. ಗ್ರಾಚ್ಯುಟಿ, ಕೆಲಸ ಮಾಡಿದ ದಿನಗಳ ಸಂಬಳ, ಪಿಎಫ್ ಇವೆಲ್ಲ ಕಾನೂನಿನಿಂದ ಬರುವಂಥವು. ವಿಆರ್‌ಎಸ್ ತೆಗೆದುಕೊಳ್ಳದೆ ಸುಮ್ಮನೆ ರಾಜೀನಾಮೆ ಕೊಟ್ಟಿದ್ದರೂ ಇವು ಸಿಗುತ್ತಿದ್ದವು. ಯಾವುದೋ ರಸೀದಿಗೆ ಸಹಿ ಹಾಕಿದ ಮಾತ್ರಕ್ಕೆ ಶಾಸನಬದ್ಧ ಗ್ರಾಚ್ಯುಟಿಯ ಹಕ್ಕು ಕಳೆದುಹೋಗುವುದಿಲ್ಲ.

ಪರಿಹಾರ ಧನದ, ಅಂದರೆ ಎಕ್ಸ್‌ಗ್ರೇಷಿಯಾದ ಕಥೆ ಬೇರೆ. ಖಾಸಗಿ ಕಂಪನಿ ಇಷ್ಟೇ ಕೊಡಬೇಕು ಎಂದು ಯಾವ ಕಾನೂನೂ ಹೇಳುವುದಿಲ್ಲ. ಔದ್ಯೋಗಿಕ ವಿವಾದಗಳ ಕಾಯ್ದೆಯಲ್ಲಿದ್ದ 'ರಿಟ್ರೆಂಚ್‌ಮೆಂಟ್' ವ್ಯಾಖ್ಯೆ ಸ್ವಯಂ ನಿವೃತ್ತಿಯನ್ನು ಸ್ಪಷ್ಟವಾಗಿ ಹೊರಗಿಟ್ಟಿತ್ತು. ಹಾಗಾಗಿ ಕೆಲಸದಿಂದ ತೆಗೆದಾಗ ಸಿಗುವ ಶಾಸನಬದ್ಧ ಪರಿಹಾರವನ್ನು ಇಲ್ಲಿ ಕೇಳಲು ಬರುವುದಿಲ್ಲ. ಎಕ್ಸ್‌ಗ್ರೇಷಿಯಾ ಪೂರ್ತಿಯಾಗಿ ಒಪ್ಪಂದದ ಹಣ. ಒಪ್ಪಂದದಲ್ಲಿ ಏನು ಬರೆದಿದೆಯೋ ಅದೇ ಹಕ್ಕು.

ಬರಹದ ಲೆಕ್ಕ ಹೆಚ್ಚು ಬೇಕಾಗಿರುವುದು ಈ ಕಾರಣಕ್ಕೇ. ಗ್ರಾಚ್ಯುಟಿಯಲ್ಲಿ ತಪ್ಪಾದರೆ ಕಾನೂನಿನ ಸೂತ್ರ ತೋರಿಸಿ ಸರಿಪಡಿಸಿಕೊಳ್ಳಬಹುದು. ಎಕ್ಸ್‌ಗ್ರೇಷಿಯಾದಲ್ಲಿ ತಪ್ಪಾದರೆ ಕಂಪನಿಯ ಕಾಗದ ಬಿಟ್ಟು ತೋರಿಸಲು ಬೇರೇನೂ ಇರುವುದಿಲ್ಲ.

ಒಂದೇ ಸೂತ್ರ, ಎರಡು ಮೊತ್ತ

ಕೇಂದ್ರ ಸಾರ್ವಜನಿಕ ಉದ್ದಿಮೆಗಳಲ್ಲಿ ಹೆಸರಾದ 'ಗುಜರಾತ್ ಮಾದರಿ'ಯ ಸೂತ್ರವನ್ನು ನೋಡೋಣ. ಮುಗಿಸಿದ ಪ್ರತಿ ವರ್ಷದ ಸೇವೆಗೆ 35 ದಿನದ ಸಂಬಳ, ನಿವೃತ್ತಿಗೆ ಉಳಿದ ಪ್ರತಿ ವರ್ಷಕ್ಕೆ 25 ದಿನದ ಸಂಬಳ. 2019ರ ಬಿಎಸ್‌ಎನ್‌ಎಲ್ ವಿಆರ್‌ಎಸ್ ಕೂಡ ಇದೇ ಮಾದರಿಯದು. ಓದಲು ಸರಳವಾದ ಈ ಸೂತ್ರವನ್ನು ಒಬ್ಬ ನೌಕರನಿಗೆ ಅನ್ವಯಿಸಿದರೆ ಏನಾಗುತ್ತದೆ?

ಉದಾಹರಣೆಗೆ ಬೆಂಗಳೂರಿನ ಒಂದು ಖಾಸಗಿ ಕಾರ್ಖಾನೆಯ ನೌಕರ ಎಂದಿಟ್ಟುಕೊಳ್ಳಿ. ವಯಸ್ಸು 50 ವರ್ಷ 3 ತಿಂಗಳು, ಸೇವೆ 24 ವರ್ಷ 7 ತಿಂಗಳು. ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ ತಿಂಗಳಿಗೆ 39,000 ರೂಪಾಯಿ. ಮನೆ ಬಾಡಿಗೆ ಭತ್ಯೆ ಮತ್ತಿತರ ಭತ್ಯೆಗಳು ಸೇರಿದರೆ ಒಟ್ಟು 90,000.

ಮೊದಲ ಪ್ರಶ್ನೆ: ಒಂದು ದಿನದ ಸಂಬಳ ಎಷ್ಟು? ತಿಂಗಳಿಗೆ 30 ದಿನ ಎಂದರೆ 1,300 ರೂಪಾಯಿ, 26 ದಿನ ಎಂದರೆ 1,500. ಗ್ರಾಚ್ಯುಟಿಗೆ 26ರಿಂದಲೇ ಭಾಗಿಸಬೇಕು ಎಂಬುದು ಕಾನೂನು. ವಿಆರ್‌ಎಸ್ ಪರಿಹಾರಕ್ಕೆ ಅಂಥ ಕಾನೂನಿಲ್ಲ, ಯೋಜನೆಯಲ್ಲಿ ಬರೆದಿರುವುದೇ ಅಂತಿಮ. ಎಷ್ಟೋ ಸುತ್ತೋಲೆಗಳಲ್ಲಿ ಈ ಭಾಜಕವನ್ನು ಬರೆದೇ ಇರುವುದಿಲ್ಲ.

ಎರಡನೆಯ ಪ್ರಶ್ನೆ: ನಿವೃತ್ತಿಗೆ ಉಳಿದಿರುವುದು ಎಷ್ಟು ವರ್ಷ? ಕರ್ನಾಟಕ ಸರ್ಕಾರ 2017ರಲ್ಲಿ ಕಾರ್ಖಾನೆಗಳ ಸೇವಾ ನಿಯಮಗಳನ್ನು ಹೇಳುವ ಮಾದರಿ ಸ್ಥಾಯಿ ಆದೇಶಗಳನ್ನು ತಿದ್ದಿ ನಿವೃತ್ತಿ ವಯಸ್ಸನ್ನು 58ರಿಂದ 60ಕ್ಕೆ ಏರಿಸಿತು. ನಿಮ್ಮ ಕಾರ್ಖಾನೆಗೆ 58 ಅನ್ವಯವೋ 60 ಅನ್ವಯವೋ ಎಂಬುದು ಅಲ್ಲಿ ಜಾರಿಯಲ್ಲಿರುವ ಸ್ಥಾಯಿ ಆದೇಶ, ವೇತನ ಒಪ್ಪಂದ ಮತ್ತು ನೇಮಕಾತಿ ಪತ್ರ ನೋಡಿದರೆ ತಿಳಿಯುತ್ತದೆ. ನಮ್ಮ ನೌಕರನಿಗೆ 58 ಆದರೆ ಉಳಿದ ಪೂರ್ಣ ವರ್ಷ 7, 60 ಆದರೆ 9.

ಈಗ ಲೆಕ್ಕ ಮಾಡಿ. ಕಳೆದ ಸೇವೆಗೆ 24 × 35, ಅಂದರೆ 840 ದಿನ. ನಿವೃತ್ತಿ 58ಕ್ಕೆ ಎಂದಾದರೆ 7 × 25, ಅಂದರೆ 175 ದಿನ ಸೇರಿ ಒಟ್ಟು 1,015 ದಿನ. ದಿನಕ್ಕೆ 1,300ರಂತೆ 13,19,500 ರೂಪಾಯಿ. ನಿವೃತ್ತಿ 60ಕ್ಕೆ ಎಂದಾದರೆ 225 ದಿನ ಸೇರಿ 1,065 ದಿನ. ದಿನಕ್ಕೆ 1,500ರಂತೆ 15,97,500 ರೂಪಾಯಿ. ಸುತ್ತೋಲೆಯ ಸೂತ್ರದಲ್ಲಿ ಒಂದಕ್ಷರ ಬದಲಾಗದಿದ್ದರೂ 2,78,000 ರೂಪಾಯಿ ವ್ಯತ್ಯಾಸ ಬಂತು.

ಸಂಬಳ ಎಂದರೆ ಯಾವ ಸಂಬಳ ಎಂಬ ಮೂರನೆಯ ಪ್ರಶ್ನೆಯೂ ಇದೆ. ಸಾಮಾನ್ಯವಾಗಿ ಮೂಲ ವೇತನ ಮತ್ತು ತುಟ್ಟಿಭತ್ಯೆಯನ್ನಷ್ಟೇ ಹಿಡಿಯುತ್ತಾರೆ. ಆದರೆ ಯಾವ ವರ್ಷದ ವೇತನ ಶ್ರೇಣಿ ಎಂಬುದೂ ಅಷ್ಟೇ ಮುಖ್ಯ. 2016ರಲ್ಲಿ ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸಂಪುಟ ತೀರ್ಮಾನಿಸಿದಾಗ, ನೌಕರರಿಗೆ ಪರಿಹಾರವನ್ನು 2007ರ ಕಾಲ್ಪನಿಕ ವೇತನ ಶ್ರೇಣಿಯ ಆಧಾರದಲ್ಲಿ ಕೊಡುವುದೆಂದು ಬಿಡಿಸಿ ಹೇಳಬೇಕಾಯಿತು. ಕೈಗೆ ಬರುತ್ತಿರುವ ಸಂಬಳವೇ ಲೆಕ್ಕಕ್ಕೆ ಆಧಾರ ಎಂದು ಊಹಿಸಿಕೊಳ್ಳುವಂತಿಲ್ಲ.

ಗ್ರಾಚ್ಯುಟಿಯಲ್ಲಿ ಬದಲಾಗಿದ್ದು ಏನು

ಸೂತ್ರ ಹಳೆಯದೇ: ಕೊನೆಯ ವೇತನವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಗುಣಿಸುವುದು. ಆರು ತಿಂಗಳು ಮೀರಿದ ಭಾಗವನ್ನು ಪೂರ್ತಿ ವರ್ಷ ಎಂದೇ ಹಿಡಿಯಬೇಕು. ನಮ್ಮ ನೌಕರನ 24 ವರ್ಷ 7 ತಿಂಗಳು ಇಲ್ಲಿ 25 ವರ್ಷವಾಗುತ್ತದೆ. ವಿಆರ್‌ಎಸ್ ಲೆಕ್ಕದಲ್ಲಿ 24 ಇದ್ದದ್ದನ್ನೇ ಗ್ರಾಚ್ಯುಟಿಯ ಕಾಲಂಗೂ ಇಳಿಸಿಬಿಡುವುದು ಆಗಾಗ ನಡೆಯುವ ತಪ್ಪು.

ಹೊಸದು ವೇತನದ ವ್ಯಾಖ್ಯೆ. ಮೂಲ ವೇತನ ಮತ್ತು ತುಟ್ಟಿಭತ್ಯೆಯ ಹೊರಗಿರುವ ಭತ್ಯೆಗಳು ಒಟ್ಟು ಸಂಭಾವನೆಯ ಅರ್ಧವನ್ನು ಮೀರಿದರೆ, ಮೀರಿದಷ್ಟನ್ನು ವೇತನಕ್ಕೆ ಸೇರಿಸಬೇಕು. ಈ ನೌಕರನ ಒಟ್ಟು 90,000ದಲ್ಲಿ ಭತ್ಯೆಗಳೇ 51,000. ಅರ್ಧ ಎಂದರೆ 45,000. ಮೀರಿದ 6,000 ರೂಪಾಯಿ ವೇತನಕ್ಕೆ ಸೇರಿ ಅದು 39,000ದಿಂದ 45,000ಕ್ಕೆ ಏರುತ್ತದೆ.

ಹಳೆಯ ವೇತನದಂತೆ, ವರ್ಷವನ್ನೂ ತಪ್ಪಾಗಿ 24 ಎಂದು ಹಿಡಿದರೆ ಗ್ರಾಚ್ಯುಟಿ 5,40,000. ವರ್ಷವನ್ನು 25 ಎಂದು ಸರಿಪಡಿಸಿದರೆ 5,62,500. ಹೊಸ ವ್ಯಾಖ್ಯೆಯಂತೆ 45,000 ಹಿಡಿದರೆ 6,49,038. ಸಂಹಿತೆಗೂ ಹಿಂದಿನ ವರ್ಷಗಳ ಸೇವೆಗೆ ಹೊಸ ವೇತನ ಹೇಗೆ ಅನ್ವಯಿಸುತ್ತದೆ ಎಂದು ಕೆಲವು ಆಡಳಿತಗಳು ತಕರಾರು ಎತ್ತುತ್ತವೆ. ಗ್ರಾಚ್ಯುಟಿಯ ಸೂತ್ರ ಮೊದಲಿನಿಂದಲೂ ಕೊನೆಯ ವೇತನವನ್ನೇ ಎಲ್ಲ ವರ್ಷಗಳಿಗೂ ಹಿಡಿಯುತ್ತ ಬಂದಿದೆ ಎಂಬುದು ನೌಕರರ ವಾದ, ನನಗೂ ಅದೇ ಸರಿಯೆನಿಸುತ್ತದೆ. ಮೊತ್ತ 20 ಲಕ್ಷ ರೂಪಾಯಿಯ ಮಿತಿಗೆ ಒಳಪಟ್ಟಿದೆ. ಅದಕ್ಕಿಂತ ಹೆಚ್ಚು ಕೊಡುವ ಒಪ್ಪಂದವಿದ್ದರೆ ಅದು ಬೇರೆ ಮಾತು.

ಭತ್ಯೆ ಅರ್ಧಕ್ಕಿಂತ ಕಡಿಮೆ ಇರುವವರಿಗೆ ಈ ಬದಲಾವಣೆಯಿಂದ ಏನೂ ಹೆಚ್ಚಾಗುವುದಿಲ್ಲ. 'ಎಲ್ಲರ ಗ್ರಾಚ್ಯುಟಿಯೂ ಏರುತ್ತದೆ' ಎಂಬ ಸುದ್ದಿ ಅಷ್ಟರ ಮಟ್ಟಿಗೆ ತಪ್ಪು.

ಯಾರು ಯಾರಿಗೆ ಪ್ರಸ್ತಾವ ಕೊಡುತ್ತಿದ್ದಾರೆ

ಕಂಪನಿ ವಿಆರ್‌ಎಸ್ ಪ್ರಕಟಿಸಿದರೆ ಅದೇ ಪ್ರಸ್ತಾವ, ನೌಕರನ ಅರ್ಜಿಯೇ ಒಪ್ಪಿಗೆ ಎಂದು ಹೆಚ್ಚಿನವರು ತಿಳಿದಿರುತ್ತಾರೆ. ಸುಪ್ರೀಂ ಕೋರ್ಟ್ ಇದನ್ನು ಬೇರೆಯಾಗಿ ನೋಡಿದೆ. ಬ್ಯಾಂಕುಗಳ 2000ನೇ ಇಸವಿಯ ವಿಆರ್‌ಎಸ್ ಬಗ್ಗೆ ಬ್ಯಾಂಕ್ ಆಫ್ ಇಂಡಿಯಾ ಮತ್ತು ಒ.ಪಿ. ಸ್ವರ್ಣಕರ್ ಪ್ರಕರಣದಲ್ಲಿ ತೀರ್ಪು ಬಂತು. ಅಂಥ ಯೋಜನೆ ಕೇವಲ ಆಹ್ವಾನ, ನೌಕರನ ಅರ್ಜಿಯೇ ಪ್ರಸ್ತಾವ, ಆಡಳಿತದ ಅಂಗೀಕಾರ ಪತ್ರ ಬಂದಾಗಲೇ ಒಪ್ಪಂದ ಹುಟ್ಟುತ್ತದೆ ಎಂದು ನ್ಯಾಯಾಲಯ ಹೇಳಿತು. ಅರ್ಜಿ ಹಿಂತೆಗೆದುಕೊಳ್ಳುವಂತಿಲ್ಲ ಎಂಬ ಷರತ್ತಿದ್ದರೂ ಅಂಗೀಕಾರಕ್ಕೆ ಮೊದಲು ಹಿಂತೆಗೆದುಕೊಳ್ಳಬಹುದು ಎಂದಿತು. ಆದರೆ ಯೋಜನೆಯ ಹಣ ಪಡೆದು ಬಳಸಿಕೊಂಡವರಿಗೆ ಆ ಅವಕಾಶ ಸಿಗಲಿಲ್ಲ.

ಇದರಿಂದ ಎರಡು ವಿಷಯ ಸ್ಪಷ್ಟವಾಗುತ್ತವೆ. ಅರ್ಜಿಯಲ್ಲಿ ನೀವು ಬರೆಯುವ ಮಾತು ಒಪ್ಪಂದದ ಭಾಗವಾಗಬಹುದು. ಮತ್ತು ಅರ್ಜಿ ಕೊಟ್ಟ ದಿನಕ್ಕೂ ಅಂಗೀಕಾರ ಪತ್ರ ಬರುವ ದಿನಕ್ಕೂ ನಡುವಿನ ಕಾಲವೇ ಲೆಕ್ಕ ಪಡೆಯಲು ತಕ್ಕ ಕಾಲ. ಲೆಕ್ಕ ತೀರಾ ಕಡಿಮೆ ಬಂದರೆ ಆ ನಡುವೆ ಲಿಖಿತವಾಗಿ ಅರ್ಜಿ ವಾಪಸ್ ಪಡೆಯುವ ದಾರಿ ತೆರೆದಿರುತ್ತದೆ.

ಎಲ್ಲ ಯೋಜನೆಗಳ ಭಾಷೆಯೂ ಒಂದೇ ಅಲ್ಲ. ಅರ್ಹರು ಒಪ್ಪಿದರೆ ಆಡಳಿತ ಹಣ ಕೊಡಲೇಬೇಕು ಎಂಬಂತೆ ಬರೆದ ಯೋಜನೆಯೇ ಪ್ರಸ್ತಾವವಾಗಬಹುದು. ಆಗ ಭಾರತೀಯ ಕರಾರು ಕಾಯ್ದೆಯ 7ನೇ ಸೆಕ್ಷನ್ ಮುಖ್ಯವಾಗುತ್ತದೆ: ಒಪ್ಪಿಗೆ ಷರತ್ತಿಲ್ಲದೆ, ಪೂರ್ತಿಯಾಗಿ ಇರಬೇಕು. 'ಲೆಕ್ಕ ಕೊಟ್ಟರೆ ಮಾತ್ರ ಒಪ್ಪುತ್ತೇನೆ' ಎಂದು ಬರೆದರೆ ಅದು ಒಪ್ಪಿಗೆಯೇ ಅಲ್ಲ, ಪ್ರತಿಪ್ರಸ್ತಾವ ಎಂದು ಆಡಳಿತ ತಳ್ಳಿಹಾಕಬಹುದು. ಒಪ್ಪಿಕೊಂಡು, ಪಕ್ಕದಲ್ಲೇ ಮಾಹಿತಿ ಕೇಳುವುದು ಷರತ್ತಲ್ಲ.

ಪತ್ರದ ಮಾತು

ಎರಡೂ ಬಗೆಯ ಯೋಜನೆಗೆ ಹೊಂದುವ ಒಕ್ಕಣೆ ಹೀಗಿರಬಹುದು:

'ದಿನಾಂಕ … ರ ಸುತ್ತೋಲೆಯಲ್ಲಿ ಪ್ರಕಟಿಸಿರುವ ಸ್ವಯಂ ನಿವೃತ್ತಿ ಯೋಜನೆಯ ನಿಬಂಧನೆಗಳಂತೆ ನಿವೃತ್ತಿ ಹೊಂದಲು ಒಪ್ಪಿದ್ದೇನೆ. ನನ್ನ ತಿಳಿವಳಿಕೆಯಂತೆ ಯೋಜನೆಯಡಿ ಹಾಗೂ ಕಾನೂನಿನಡಿ ನನಗೆ ಸಲ್ಲಬೇಕಾದ ಮೊತ್ತಗಳ ವಿವರವನ್ನು ಲಗತ್ತಿಸಿದ್ದೇನೆ. ಪ್ರತಿ ಬಾಬ್ತಿನ ಮೊತ್ತ, ಅದಕ್ಕೆ ಹಿಡಿದ ವೇತನ, ಸೇವಾವಧಿ, ಭಾಜಕ, ಕಡಿತಗಳು ಮತ್ತು ಪಾವತಿಯ ದಿನಾಂಕವನ್ನು ಅಂಗೀಕಾರ ಪತ್ರಕ್ಕೆ ಮೊದಲು ಅಥವಾ ಅದರೊಂದಿಗೆ ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇನೆ. ಕಾನೂನಿನಂತೆ ನನಗಿರುವ ಯಾವ ಹಕ್ಕನ್ನೂ ಈ ಪತ್ರದಿಂದ ಬಿಟ್ಟುಕೊಟ್ಟಿಲ್ಲ.'

ಇದರಲ್ಲಿ ಬಹಳ ಕೆಲಸ ಮಾಡುವುದು ಲಗತ್ತು. ಬರೀ ಲೆಕ್ಕ ಕೇಳಿ ಸುಮ್ಮನಾದರೆ ಆಡಳಿತವೂ ಸುಮ್ಮನಿರಬಹುದು. ನಿಮ್ಮದೇ ಲೆಕ್ಕವನ್ನು ಬಾಬ್ತುವಾರು ಬರೆದು ಲಗತ್ತಿಸಿದ್ದರೆ, ಅದನ್ನು ಅಲ್ಲಗಳೆಯದೆ ಅಂಗೀಕಾರ ಪತ್ರ ಕೊಟ್ಟ ಆಡಳಿತಕ್ಕೆ ಆಮೇಲೆ 'ನಾವು ಹಿಡಿದದ್ದು ಬೇರೆ' ಎನ್ನುವುದು ಕಷ್ಟವಾಗುತ್ತದೆ. ವ್ಯಾಜ್ಯ ಪೂರ್ತಿ ಗೆದ್ದಂತಲ್ಲ, ಆದರೆ ಸಾಕ್ಷ್ಯ ನಿಮ್ಮ ಕಡೆಗಿರುತ್ತದೆ.

ಸಾಧ್ಯವಾದರೆ ಕೊನೆಯ ದಿನಕ್ಕೆ ಒಂದು ವಾರ ಮೊದಲೇ ಲೆಕ್ಕ ಕೋರಿ ಪ್ರತ್ಯೇಕ ಪತ್ರ ಕೊಡಿ. ಎರಡೂ ಪತ್ರಗಳ ಪ್ರತಿಯ ಮೇಲೆ ಸ್ವೀಕೃತಿಯ ಮೊಹರು, ಸಹಿ, ದಿನಾಂಕ ಹಾಕಿಸಿಕೊಳ್ಳಬೇಕು. ಮೊಹರು ಹಾಕಲು ಒಪ್ಪದಿದ್ದರೆ ಅದೇ ದಿನ ಸ್ಪೀಡ್ ಪೋಸ್ಟ್‌ನಲ್ಲೂ ಇಮೇಲ್‌ನಲ್ಲೂ ಕಳಿಸಿ. ಕಂಪನಿಯ ಇಮೇಲ್ ಖಾತೆ ಕೆಲಸ ಬಿಟ್ಟ ದಿನವೇ ಮುಚ್ಚಿಹೋಗುತ್ತದೆ, ಆದ್ದರಿಂದ ಸ್ವಂತ ಇಮೇಲ್‌ಗೂ ಪ್ರತಿ ಇರಲಿ.

ರಾಜೀನಾಮೆ ಪತ್ರ ಕೇಳಿದರೆ

ವಿಆರ್‌ಎಸ್ ಅರ್ಜಿಯ ಜೊತೆಗೆ 'ಒಂದು ರಾಜೀನಾಮೆ ಪತ್ರವನ್ನೂ ಕೊಟ್ಟುಬಿಡಿ' ಎಂದು ಎಚ್‌ಆರ್ ಕಚೇರಿ ಕೇಳುವುದುಂಟು. 'ವೈಯಕ್ತಿಕ ಕಾರಣದಿಂದ ರಾಜೀನಾಮೆ' ಎಂಬ ಪತ್ರಕ್ಕೆ ಸಹಿ ಹಾಕಿದರೆ ಎರಡು ನಷ್ಟ ಆಗಬಹುದು.

ಮೊದಲನೆಯದು ತೆರಿಗೆ. ಸ್ವಯಂ ನಿವೃತ್ತಿಯ ಪರಿಹಾರದಲ್ಲಿ 5 ಲಕ್ಷ ರೂಪಾಯಿವರೆಗೆ ಆದಾಯ ತೆರಿಗೆ ವಿನಾಯಿತಿ ಇದೆ. 1961ರ ಕಾಯ್ದೆಯಲ್ಲಿ ಇದು 10(10ಸಿ) ಸೆಕ್ಷನ್ ಎಂದು ಹೆಸರಾಗಿದ್ದು, ಜೀವಮಾನದಲ್ಲಿ ಒಮ್ಮೆ ಮಾತ್ರ ಸಿಗುವಂಥದ್ದು. ಯೋಜನೆ ಆದಾಯ ತೆರಿಗೆ ನಿಯಮಾವಳಿಯ ಷರತ್ತುಗಳಿಗೆ, 1962ರ ನಿಯಮಾವಳಿಯಲ್ಲಿ 2ಬಿಎ ಎಂದು ಹೆಸರಾದವುಗಳಿಗೆ, ಹೊಂದಿಕೊಂಡಿದ್ದರೆ ಮಾತ್ರ ಅದು ದೊರೆಯುತ್ತದೆ. ಅಂದರೆ ನೌಕರನಿಗೆ 10 ವರ್ಷದ ಸೇವೆ ಅಥವಾ 40 ವರ್ಷ ವಯಸ್ಸು ಆಗಿರಬೇಕು, ಯೋಜನೆಯಿಂದ ಒಟ್ಟು ನೌಕರರ ಸಂಖ್ಯೆ ಇಳಿಯಬೇಕು, ತೆರವಾದ ಹುದ್ದೆಯನ್ನು ತುಂಬಬಾರದು, ನಿವೃತ್ತನನ್ನು ಅದೇ ಆಡಳಿತದ ಬೇರೆ ಕಂಪನಿಗೆ ಸೇರಿಸಿಕೊಳ್ಳಬಾರದು. ನಮ್ಮ ಉದಾಹರಣೆಯ 15,97,500ರಲ್ಲಿ 5 ಲಕ್ಷ ಕಳೆದು ಉಳಿದ 10,97,500 ಆ ವರ್ಷದ ಸಂಬಳದ ಜೊತೆ ಸೇರಿ ತೆರಿಗೆಗೆ ಒಳಪಡುತ್ತದೆ. ಕಾಗದದಲ್ಲಿ ರಾಜೀನಾಮೆ ಎಂದಿದ್ದರೆ ಆ 5 ಲಕ್ಷದ ವಿನಾಯಿತಿಯನ್ನೂ ಪ್ರಶ್ನಿಸಬಹುದು. ಆದ್ದರಿಂದ ಯೋಜನೆ ಈ ತೆರಿಗೆ ಷರತ್ತುಗಳಿಗೆ ಹೊಂದುತ್ತದೆ ಎಂಬ ಒಂದು ಸಾಲನ್ನೂ ಲೆಕ್ಕದ ಹಾಳೆಯಲ್ಲೇ ಕೇಳಿ.

ಎರಡನೆಯ ನಷ್ಟ ಇನ್ನೂ ನೇರವಾದದ್ದು. ವಿವಾದ ಬಂದರೆ ಈ ವ್ಯಕ್ತಿ ಯೋಜನೆಯಡಿ ಹೋದವನಲ್ಲ, ತಾನಾಗಿ ಬಿಟ್ಟವನು ಎಂದು ವಾದಿಸಲು ಆ ಪತ್ರ ಸಾಕು. ರಾಜೀನಾಮೆ ಪತ್ರ ಕೊಡಲೇಬೇಕಾದ ಪರಿಸ್ಥಿತಿ ಬಂದರೆ 'ದಿನಾಂಕ … ರ ಸ್ವಯಂ ನಿವೃತ್ತಿ ಯೋಜನೆಯಡಿ' ಎಂಬ ಪದಗಳು ಅದರಲ್ಲಿ ಇರಲೇಬೇಕು. ಪಿಎಫ್ ಪೋರ್ಟಲ್‌ನಲ್ಲಿ ಕಂಪನಿ ನಮೂದಿಸುವ ಕೆಲಸ ಬಿಟ್ಟ ಕಾರಣವೂ ಇದಕ್ಕೆ ತಾಳೆಯಾಗಬೇಕು.

ಆಡಳಿತ ಹೇಳುವುದರಲ್ಲೂ ಹುರುಳಿದೆ

ಎಷ್ಟು ಮಂದಿ ಅರ್ಜಿ ಹಾಕುತ್ತಾರೆ, ಅದರಲ್ಲಿ ಎಷ್ಟನ್ನು ಅಂಗೀಕರಿಸಬಹುದು ಎಂದು ತಿಳಿಯುವ ಮೊದಲೇ ಎಲ್ಲರಿಗೂ ಅಂತಿಮ ಲೆಕ್ಕ ಕೊಡುವುದು ಕಷ್ಟ ಎಂಬ ಆಡಳಿತದ ಮಾತು ಪೂರ್ತಿ ನೆಪವಲ್ಲ. ರಜೆಯ ಬಾಕಿ, ಸೊಸೈಟಿ ಸಾಲ, ಮುಂಗಡ ಇವೆಲ್ಲ ಬಿಡುಗಡೆಯ ದಿನದವರೆಗೂ ಬದಲಾಗುತ್ತಲೇ ಇರುತ್ತವೆ. ಸಹಿ ಮಾಡಿದ ಹಾಳೆಯಲ್ಲಿ ತಪ್ಪಿದ್ದರೆ ಅದಕ್ಕೇ ಕಟ್ಟುಬೀಳಬೇಕಾದೀತು ಎಂಬ ಭಯವೂ ಇದೆ.

ಆದರೆ ದಿನಕ್ಕೊಮ್ಮೆ ಬದಲಾಗುವುದು ರಜೆ ಮತ್ತು ಸಾಲದ ಮೊತ್ತ. ಭಾಜಕ 26 ಅಥವಾ 30, ನಿವೃತ್ತಿ ವಯಸ್ಸು, ಲೆಕ್ಕಕ್ಕೆ ಹಿಡಿದ ವೇತನ, ಸೇವೆ ಆರಂಭದ ದಿನಾಂಕ ಇವು ಬದಲಾಗುವುದಿಲ್ಲ. ತರಬೇತಿಯ ವರ್ಷ ಸೇವೆಗೆ ಸೇರಿದೆಯೋ ಇಲ್ಲವೋ ಎಂಬುದು ಅರ್ಜಿ ಕರೆಯುವ ದಿನವೇ ಕಂಪನಿಗೆ ಗೊತ್ತಿರುತ್ತದೆ. ಹಾಗಾಗಿ 'ತಾತ್ಕಾಲಿಕ ಲೆಕ್ಕ' ಎಂಬ ತಲೆಬರಹದಲ್ಲಿ ಕೊಟ್ಟರೂ ಒಪ್ಪಿಕೊಳ್ಳಿ. ಮೊತ್ತ ತಾತ್ಕಾಲಿಕವಾಗಿದ್ದರೂ ಅದರ ಆಧಾರ ಖಚಿತವಾಗಿದ್ದರೆ ಸಾಕು. 'ಪರಿಶೀಲನೆಗೆ ಒಳಪಟ್ಟು' ಎಂಬ ಮಾತು ಆಧಾರಗಳಿಗೂ ಅನ್ವಯವೇ ಎಂದು ಮಾತ್ರ ಕೇಳಿ ಬರೆಸಿಕೊಳ್ಳಬೇಕು.

ಅಸ್ಪಷ್ಟವಾಗಿ ಬಿಡುವುದರಿಂದ ಆಡಳಿತಕ್ಕೂ ಲಾಭವಿಲ್ಲ. 2000ದ ಬ್ಯಾಂಕ್ ವಿಆರ್‌ಎಸ್‌ನಲ್ಲಿ ಪಿಂಚಣಿಗೆ ಐದು ವರ್ಷದ ಕಾಲ್ಪನಿಕ ಸೇವೆ ಸೇರುತ್ತದೆಯೇ ಎಂಬುದು ಸ್ಪಷ್ಟವಾಗಿರಲಿಲ್ಲ. ಬ್ಯಾಂಕುಗಳು ಇಲ್ಲ ಎಂದವು. 2009ರಲ್ಲಿ ಬ್ಯಾಂಕ್ ಆಫ್ ಇಂಡಿಯಾ ಮತ್ತು ಕೆ. ಮೋಹನ್‌ದಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ನೌಕರರ ಪರ ತೀರ್ಪಿತ್ತಿತು. ಯೋಜನೆಯ ಮಾತು ಎರಡು ಅರ್ಥ ಕೊಟ್ಟರೆ ಅದನ್ನು ಬರೆದವರ ವಿರುದ್ಧವೇ ಓದಬೇಕು ಎಂಬುದು ಅದರ ಒಂದು ಆಧಾರ. ನೌಕರರು ಗೆದ್ದರು ನಿಜ, ಆದರೆ ಅಷ್ಟರಲ್ಲಿ ಒಂಬತ್ತು ವರ್ಷ ಕಳೆದಿತ್ತು.

ಬಾಕಿ ವೇತನ ಪರಿಷ್ಕರಣೆ

ವೇತನ ಒಪ್ಪಂದದ ಅವಧಿ ಮುಗಿದು ಹೊಸದು ಮಾತುಕತೆಯಲ್ಲಿರುವಾಗಲೇ ವಿಆರ್‌ಎಸ್ ಬಂದಿದ್ದರೆ ಎಚ್ಚರ ಹೆಚ್ಚು ಬೇಕು. 2003ರ ಎ.ಕೆ. ಬಿಂದಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಂದು ನಿಷ್ಠುರ ಮಾತು ಹೇಳಿತು: ವಿಆರ್‌ಎಸ್ ಹಣ ಪಡೆದು ಹೊರಬಂದವರಿಗೂ ಸಂಸ್ಥೆಗೂ ಸಂಬಂಧ ಅಲ್ಲಿಗೆ ಮುಗಿಯಿತು, ಹಿಂದಿನ ಅವಧಿಯ ವೇತನ ಪರಿಷ್ಕರಣೆಯನ್ನು ಅವರು ಆಮೇಲೆ ಕೇಳುವಂತಿಲ್ಲ. ಹೊಸ ಒಪ್ಪಂದ ಹಿಂದಿನ ದಿನಾಂಕದಿಂದ ಜಾರಿಯಾದರೆ ವ್ಯತ್ಯಾಸದ ಹಣ ನಿಮಗೂ ಬರುತ್ತದೆ ಎಂದು ಬಾಯಿಮಾತಿನಲ್ಲಿ ಯಾರು ಭರವಸೆ ಕೊಟ್ಟರೂ, ಅಂಗೀಕಾರ ಪತ್ರದಲ್ಲಿ ಅದು ಬರದಿದ್ದರೆ ಬೆಲೆಯಿಲ್ಲ.

ಪಾವತಿಯ ದಿನಾಂಕವೂ ಹೀಗೆಯೇ. ಬಿಎಸ್‌ಎನ್‌ಎಲ್ ಯೋಜನೆಯಲ್ಲಿ ಪಿಂಚಣಿ ಕಮ್ಯುಟೇಶನ್, ಅಂದರೆ ಪಿಂಚಣಿಯ ಒಂದು ಭಾಗದ ಬದಲಿಗೆ ಒಮ್ಮೆಗೇ ಸಿಗುವ ಹಣವನ್ನು ಮುಂದಕ್ಕೆ ಹಾಕುವ ಷರತ್ತು ಯೋಜನೆಯಲ್ಲೇ ಇತ್ತು. ಒಟ್ಟು ಮೊತ್ತ ನೋಡಿ ಮನೆ ಸಾಲ ತೀರಿಸುವ ಲೆಕ್ಕ ಹಾಕುವವರು ಯಾವ ಬಾಬ್ತು ಯಾವ ತಿಂಗಳು ಬರುತ್ತದೆ ಎಂದು ಮೊದಲೇ ತಿಳಿಯಬೇಕು.

ಹಣ ಬಂದ ಮೇಲೆ ವ್ಯತ್ಯಾಸ ಕಂಡರೆ

ಗ್ರಾಚ್ಯುಟಿಯ ವಿಷಯದಲ್ಲಿ ಲಿಖಿತ ಲೆಕ್ಕ ಕೊಡುವುದು ಉದ್ಯೋಗದಾತನ ಕರ್ತವ್ಯವೇ ಹೌದು. 1972ರ ಗ್ರಾಚ್ಯುಟಿ ಪಾವತಿ ಕಾಯ್ದೆಯಲ್ಲೂ ಈಗಿನ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಈ ನಿಯಮವಿದೆ: ಮೊತ್ತ ನಿರ್ಧರಿಸಿ ನೌಕರನಿಗೂ ಸಂಬಂಧಪಟ್ಟ ಪ್ರಾಧಿಕಾರಕ್ಕೂ ಲಿಖಿತವಾಗಿ ತಿಳಿಸಬೇಕು, 30 ದಿನದೊಳಗೆ ಹಣ ಕೊಡಬೇಕು, ತಡವಾದರೆ ಬಡ್ಡಿ ಸೇರಿಸಬೇಕು. ಕಡಿಮೆ ಬಂದರೆ ಕಾರ್ಮಿಕ ಇಲಾಖೆಯ ಗ್ರಾಚ್ಯುಟಿ ಪ್ರಾಧಿಕಾರದ ಮುಂದೆ ಅರ್ಜಿ ಹಾಕಬಹುದು.

ಎಕ್ಸ್‌ಗ್ರೇಷಿಯಾ ಕಡಿಮೆ ಬಂದರೆ ದಾರಿ ಇಷ್ಟು ಸಲೀಸಲ್ಲ. ಬರಬೇಕಾದ ಹಣವನ್ನು ಕೊಡಿಸಿ ಎಂದು ಔದ್ಯೋಗಿಕ ವಿವಾದಗಳನ್ನು ನೋಡುವ ನ್ಯಾಯಮಂಡಳಿಯನ್ನು ನೇರವಾಗಿ ಕೇಳಲು, ಹಕ್ಕು ಮೊದಲೇ ಸ್ಥಾಪಿತವಾಗಿರಬೇಕು ಎಂಬುದು 1947ರ ಔದ್ಯೋಗಿಕ ವಿವಾದಗಳ ಕಾಯ್ದೆಯ 33ಸಿ(2) ಸೆಕ್ಷನ್‌ನಡಿ ಬೆಳೆದುಬಂದ ತತ್ವ. ಹಕ್ಕೇ ವಿವಾದದಲ್ಲಿದ್ದರೆ ಮೊದಲು ಆ ವಿವಾದ ಬಗೆಹರಿಯಬೇಕು. 'ದಿನಕ್ಕೆ 1,500ರಂತೆ 1,065 ದಿನ' ಎಂದು ಬರೆದು ಸಹಿ ಮಾಡಿದ ಹಾಳೆ ಕೈಯಲ್ಲಿದ್ದರೆ ಹಕ್ಕಿನ ಬಗ್ಗೆ ವಾದ ಮಾಡಲು ಹೆಚ್ಚೇನೂ ಉಳಿದಿರುವುದಿಲ್ಲ, ಕೊಟ್ಟದ್ದೆಷ್ಟು ಎಂಬ ಲೆಕ್ಕವಷ್ಟೇ ಉಳಿಯುತ್ತದೆ. ಮ್ಯಾನೇಜರ್ ದರ್ಜೆಯವರು ಕಾರ್ಮಿಕ ಎಂಬ ವ್ಯಾಖ್ಯೆಗೆ ಬರದಿದ್ದರೆ ಸಿವಿಲ್ ನ್ಯಾಯಾಲಯಕ್ಕೆ ಹೋಗಬೇಕು. ಅಲ್ಲಂತೂ ಆ ಹಾಳೆಯೇ ಮುಖ್ಯ ದಾಖಲೆ.

'ಪೂರ್ಣ ಮತ್ತು ಅಂತಿಮ ಇತ್ಯರ್ಥ' ಎಂಬ ರಸೀದಿಗೆ ಸಹಿ ಹಾಕುವ ಮೊದಲು ಬ್ಯಾಂಕ್ ಖಾತೆಗೆ ಬಂದ ಮೊತ್ತವನ್ನು ಬಾಬ್ತುವಾರು ಹಾಳೆಯೊಂದಿಗೆ ತಾಳೆ ನೋಡಿ. ಕಡಿತಗಳಿದ್ದರೆ ಯಾವ ಸಾಲಕ್ಕೆ ಎಷ್ಟು, ಯಾವ ಬಾಬ್ತಿನಿಂದ ಕಳೆದಿದ್ದಾರೆ ಎಂದು ನೋಡಬೇಕು. ಸೊಸೈಟಿ ಸಾಲವನ್ನು ಗ್ರಾಚ್ಯುಟಿಯಿಂದ ಕಳೆದಿದ್ದರೆ ಆಕ್ಷೇಪಿಸಬಹುದು, ಏಕೆಂದರೆ ಗ್ರಾಚ್ಯುಟಿಯನ್ನು ತಡೆಹಿಡಿಯಲು ಕಾನೂನು ಒಪ್ಪುವ ಕಾರಣಗಳು ತೀರಾ ಕಡಿಮೆ. ವ್ಯತ್ಯಾಸವಿದ್ದೂ ಸಹಿ ಹಾಕದೆ ಚೆಕ್ ಕೊಡುವುದಿಲ್ಲ ಎಂದರೆ, ಸಹಿಯ ಮೇಲೆ ಸ್ವಂತ ಕೈಬರಹದಲ್ಲಿ 'ಹಕ್ಕು ಕಾದಿರಿಸಿ, ಎಕ್ಸ್‌ಗ್ರೇಷಿಯಾದಲ್ಲಿ ರೂ. … ವ್ಯತ್ಯಾಸದ ಆಕ್ಷೇಪಣೆಯೊಂದಿಗೆ ಸ್ವೀಕರಿಸಿದ್ದೇನೆ' ಎಂದು ಬರೆದು, ಆ ಪುಟದ ಫೋಟೋ ತೆಗೆದುಕೊಂಡು, ಅದೇ ದಿನ ಆಡಳಿತಕ್ಕೆ ಆಕ್ಷೇಪಣೆಯ ಪತ್ರ ಕಳಿಸಬೇಕು.